ಕೃತಜ್ಞಳೋ, ಕೃತಘ್ನಳೋ: ಸಂದರ್ಶನದ ಮರುದಿನದ ಒಂದು ಇಮೇಲ್

ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.

ಸಿಂಧನೂರು ಕಡೆಯ 24 ವರ್ಷದ ಯುವತಿ. ರಾಯಚೂರಿನ ಒಂದು ಸಂಸ್ಥೆಯಲ್ಲಿ ಕ್ಷೇತ್ರ ಸಂಯೋಜಕಿ ಹುದ್ದೆಗೆ ಮಂಗಳವಾರ ಸಂದರ್ಶನ ಮುಗಿಸಿದ್ದರು. ಧನ್ಯವಾದ ಹೇಳಿ, ಕೇಳಿದ್ದ ಪ್ರಮಾಣಪತ್ರ ಕಳಿಸಲು ಕನ್ನಡದಲ್ಲೇ ಇಮೇಲ್ ಬರೆದಿದ್ದರು. ಅಣ್ಣ ಅದನ್ನು ತಿದ್ದಿದ್ದ. 'ಈ ಮೂಲಕ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ' ಎಂದು ಶುರುವಾಗುವ ಅರ್ಜಿಯೇ ಅದಾಗಿತ್ತು. "ಅಣ್ಣ ಚೊಲೋನೇ ಬರ್ದಾನ್ರಿ, ಆದ್ರ ಅದು ನಾ ಮಾತಾಡ್ದಂಗ ಇಲ್ರೀ" ಎಂದರು. ಎರಡರಲ್ಲಿ ಯಾವುದನ್ನು ಕಳಿಸಬೇಕೆಂದು ತಿಳಿಯದೆ ಎರಡನ್ನೂ ಹಿಡಿದುಕೊಂಡು ನಮ್ಮ ಬಳಿ ಬಂದಿದ್ದರು.

ಅಣ್ಣನ ಪ್ರತಿಯನ್ನು ಬದಿಗಿಟ್ಟು ಅವರದನ್ನೇ ಎತ್ತಿಕೊಂಡೆವು. ಅವರು ಬರೆದದ್ದು ಹೀಗಿತ್ತು:

'ಮೇಡಂ ಅವರಿಗೆ ನಮಸ್ಕಾರಗಳು. ಬುಧವಾರ ನಡೆದ ಸಂದರ್ಶನದಲ್ಲಿ ತಾವು ನನ್ನ ಮಾತನ್ನು ತಾಳ್ಮೆಯಿಂದ ಕೇಳಿದ್ದಕ್ಕೆ ನಾನು ಕೃತಘ್ನಳಾಗಿದ್ದೇನೆ. ನೀವು ಕೇಳಿದ ವಿಧ್ಯಾರ್ಹತೆಯ ಪ್ರಮಾಣಪತ್ರವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಹಳ್ಳಿ ಹಳ್ಳಿಗೆ ಹೋಗುವ ಕೆಲಸ ನನಗೆ ಇಷ್ಟ. ಫಲಿತಾಂಶ ಯಾವಾಗ ತಿಳಿಯುತ್ತದೆ ಎಂದು ದಯವಿಟ್ಟು ತಿಳಿಸ್ರಿ.'

ಒಳ್ಳೆಯ ಪತ್ರ. ಚಿಕ್ಕದು, ವಿನಯವಿದೆ, ಕೇಳಬೇಕಾದ್ದನ್ನು ಕೇಳಿದೆ. ಆದ್ದರಿಂದ ಮೊದಲೇ ಒಂದು ಮಾತು ಮಾಡಿಕೊಂಡೆವು: ಯಾವ ಪದವನ್ನು ಮುಟ್ಟುವ ಮೊದಲೂ 'ಹೀಗೇ ಬಿಟ್ಟರೆ ಓದುವವರಿಗೆ ತಪ್ಪು ಅರ್ಥವಾಗುತ್ತದೆಯೇ, ಅಥವಾ ಇದು ಕಾಗುಣಿತದ ತಪ್ಪೇ?' ಎಂದು ಕೇಳಿಕೊಳ್ಳಬೇಕು. ಎರಡೂ ಅಲ್ಲವಾದರೆ ಆ ಪದವನ್ನು ಇದ್ದಂತೆಯೇ ಬಿಡಬೇಕು.

ದೊಡ್ಡ ಅಪಾಯವಿದ್ದದ್ದು ಒಂದೇ ಪದದಲ್ಲಿ. ಕೃತಜ್ಞ ಎಂದರೆ ಮಾಡಿದ ಉಪಕಾರವನ್ನು ಅರಿತವರು. ಕೃತಘ್ನ ಎಂದರೆ ಅದನ್ನು ಕೊಂದವರು, ಉಪಕಾರ ಮರೆತವರು. ಮಾತಿನಲ್ಲಿ 'ಜ್ಞ' ನಮ್ಮ ಬಾಯಲ್ಲಿ 'ಗ್ನ'ದ ಹತ್ತಿರ ಬರುತ್ತದೆ. ಕಿವಿಗೆ ಕೇಳಿಸಿದ್ದನ್ನೇ ಮೊಬೈಲಿನಲ್ಲಿ ಒತ್ತಿದರೆ ಕೀಲಿಮಣೆ 'ಕೃತಘ್ನ'ವನ್ನೇ ಮುಂದಿಡಬಹುದು. ಎರಡೂ ನಿಜವಾದ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷಕ ಕೆಂಪುಗೆರೆ ಎಳೆಯುವುದಿಲ್ಲ. ಕಣ್ಣಿಟ್ಟು ಓದಿದರೆ ಮಾತ್ರ ಇದು ಸಿಗುತ್ತದೆ. ಇಲ್ಲಿ 'ಧನ್ಯವಾದಗಳು' ಎಂದು ಬದಲಿಸಿಬಿಡೋಣವೇ ಎಂದು ಅವರು ಕೇಳಿದರು. ಬೇಡವೆಂದೆವು. ಅವರು ಹೇಳಬಯಸಿದ್ದು ಕೃತಜ್ಞತೆಯನ್ನೇ. ಒಂದು ಒತ್ತಕ್ಷರ ತಿದ್ದಿದರೆ ಸಾಕು.

'ವಿಧ್ಯಾರ್ಹತೆ' ಮಾಮೂಲಿ ತಪ್ಪು. ವಿದ್ಯೆ, ಅರ್ಹತೆ ಎಂದು ಬಿಡಿಸಿ ಬರೆದು ನೋಡಿದರೆ ಅಲ್ಪಪ್ರಾಣದ 'ದ' ಬರಬೇಕೆಂದು ತಾನಾಗಿಯೇ ಗೊತ್ತಾಗುತ್ತದೆ. ಮೊದಲು 'ತಾವು', ಆಮೇಲೆ 'ನೀವು' ಎಂದಿತ್ತು. 'ನೀವು' ಅಗೌರವವಲ್ಲ, ಆದರೆ ಒಂದೇ ಪತ್ರದಲ್ಲಿ ಎರಡೂ ಬಂದರೆ ಮಧ್ಯದಲ್ಲಿ ಗೌರವ ಇಳಿದಂತೆ ಕಾಣುತ್ತದೆ. ಅವರು ಮೊದಲು ಆರಿಸಿದ್ದು 'ತಾವು', ಅದನ್ನೇ ಎರಡೂ ಕಡೆ ಉಳಿಸಿದೆವು.

'ತಿಳಿಸ್ರಿ' ಎಂಬುದನ್ನು ಅಣ್ಣ 'ತಿಳಿಸಬೇಕಾಗಿ ವಿನಂತಿ' ಮಾಡಿದ್ದ. ನಮ್ಮ ಕಡೆಯ ಮಾತಿನಲ್ಲಿ ಮರ್ಯಾದೆಯೆಲ್ಲ ಆ 'ರಿ'ಯಲ್ಲೇ ಇದೆ. ಅದನ್ನು ಕಿತ್ತುಹಾಕಿದರೆ ಪತ್ರದ ದನಿಯೇ ಹೋಗುತ್ತದೆ. 'ತಿಳಿಸಿರಿ' ಎಂದು ಒಂದು ಗುಡಿಸು ಸೇರಿಸಿದರೆ ಶುದ್ಧ ಬರಹದ ರೂಪವಾಯಿತು, ಅವರ ದನಿಯೂ ಉಳಿಯಿತು. 'ಹಳ್ಳಿ ಹಳ್ಳಿಗೆ ಹೋಗುವ ಕೆಲಸ ನನಗೆ ಇಷ್ಟ' ಎಂಬುದನ್ನು ಮುಟ್ಟಲೇ ಇಲ್ಲ. ಅಣ್ಣ ಅಲ್ಲಿ 'ಕ್ಷೇತ್ರಕಾರ್ಯದಲ್ಲಿ ಅಪಾರ ಆಸಕ್ತಿ' ಎಂದು ಬರೆದಿದ್ದ. ಅಂಥ ಮಾತನ್ನು ಯಾರು ಬೇಕಾದರೂ ಬರೆದಾರು.

ಇನ್ನು ಉಳಿದದ್ದು ಭಾಷೆಯ ತಪ್ಪಲ್ಲದ ತಪ್ಪುಗಳು. ಸಂದರ್ಶನ ನಡೆದದ್ದು ಮಂಗಳವಾರ, ಪತ್ರದಲ್ಲಿ ಇದ್ದದ್ದು 'ಬುಧವಾರ'. ಇಂಥದ್ದು ಗಟ್ಟಿಯಾಗಿ ಓದಿದರೂ ಸಿಗುವುದಿಲ್ಲ, ಯಾಕೆಂದರೆ ವಾಕ್ಯ ಸರಿಯಾಗಿಯೇ ಇರುತ್ತದೆ. ಸಂದರ್ಶನದ ಕರೆಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ವಾರ, ಹುದ್ದೆಯ ಹೆಸರು, ಮೇಡಂ ಹೆಸರು ಮೂರನ್ನೂ ಬೆರಳಿಟ್ಟು ಹೋಲಿಸಲು ಹೇಳಿದೆವು. 'ಲಗತ್ತಿಸಿದ್ದೇನೆ' ಎಂದಿತ್ತು, ಫೈಲೇ ಇರಲಿಲ್ಲ. ಇದಕ್ಕೆ ಕ್ರಮ ತಿರುಗಿಸುವುದೇ ಮದ್ದು: ಮೊದಲು ಫೈಲ್ ಸೇರಿಸಿ, ಅದನ್ನು ತೆರೆದು ನೋಡಿ, ಆಮೇಲೆ ಪತ್ರ ಬರೆಯಿರಿ, ಪಡೆಯುವವರ ವಿಳಾಸವನ್ನು ಕಡೆಗೆ ತುಂಬಿರಿ. ವಿಳಾಸವಿಲ್ಲದ ಪತ್ರ ಕೈತಪ್ಪಿ ಹೋಗುವುದಿಲ್ಲ.

ಅಣ್ಣನ ಪ್ರತಿಯನ್ನು ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಅದನ್ನು ಇಮೇಲಿಗೆ ಅಂಟಿಸಿದರೆ ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದ ಪತ್ರಕ್ಕೆ ಆ ತೊಂದರೆಯಿಲ್ಲ. ಪರೀಕ್ಷೆ ಸುಲಭ: ಮೊದಲು ಮನೆಯವರೊಬ್ಬರಿಗೆ ಕಳಿಸಿ, ಅವರ ಮೊಬೈಲಿನಲ್ಲಿ ಓದಿ ನೋಡುವುದು.

ಕಳಿಸಿದ ಮೇಲೆ ಮತ್ತೆ ತಪ್ಪು ಕಂಡರೆ ಏನು ಮಾಡಲಿ ಎಂದು ಅವರಿಗೆ ಆತಂಕವಿತ್ತು. ಒಂದು ಒತ್ತು, ಒಂದು ದೀರ್ಘ ತಪ್ಪಿದ್ದರೆ ಸುಮ್ಮನಿರಿ ಎಂದೆವು. ತಿದ್ದುಪಡಿ ಕಳಿಸಿದರೆ ಓದುವವರು ತಾವು ಗಮನಿಸದ ತಪ್ಪನ್ನೂ ಗಮನಿಸುತ್ತಾರೆ. ಫೋನ್ ನಂಬರು ತಪ್ಪಿದ್ದರೆ, ಫೈಲ್ ಬಿಟ್ಟಿದ್ದರೆ ಅಥವಾ 'ಕೃತಘ್ನ'ದಂತೆ ಅರ್ಥವೇ ತಿರುಗಿದ್ದರೆ ಮಾತ್ರ ಅದೇ ದಿನ ಒಂದು ಸಾಲು: 'ಹಿಂದಿನ ಪತ್ರದಲ್ಲಿ ಫೈಲ್ ಸೇರಿಸಲು ಬಿಟ್ಟುಹೋಗಿತ್ತು, ಈಗ ಕಳಿಸಿದ್ದೇನೆ. ಕ್ಷಮೆಯಿರಲಿ.' ಕಾರಣ ವಿವರಿಸುವುದು ಬೇಡ.

ಐದು ತಿದ್ದುಪಡಿ ಮತ್ತು ಒಂದು ಫೈಲಿನೊಂದಿಗೆ ಅವರು ತಮ್ಮ ಪತ್ರವನ್ನೇ ಕಳಿಸಿದರು.