ಸುರುಳುವ ಅಂಚು: ಸ್ಟಾಕಿನೆಟ್ ಮಫ್ಲರಿನ ಲೆಕ್ಕ

ಪ್ರಶ್ನೆ: ಅಪ್ಪನಿಗೆಂದು 8ನೇ ನಂಬರಿನ ಕಡ್ಡಿಯಲ್ಲಿ 40 ಕುಣಿಕೆ ಹಾಕಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದ ಮಫ್ಲರ್ ಎರಡೂ ಬದಿಯಿಂದ ಸುರುಳಿ ಕೊಳವೆಯಂತಾಗಿದೆ. ನೀರಿಗೆ ಹಾಕಿ ಎಳೆದು ಒಣಗಿಸಿದೆ, ಮಾರನೆಯ ದಿನ ಮತ್ತೆ ಅದೇ ಕಥೆ. ನನ್ನ ಕೈ ಬಿಗಿಯಾಯಿತೇ? ಬಿಚ್ಚದೆ ಸರಿಮಾಡಬಹುದೇ?

ಉತ್ತರ:

ಇದು ನಿಮ್ಮ ಕೈಯ ದೋಷವಲ್ಲ. ಬಿಗಿ ಹೆಣಿಗೆಯಲ್ಲಿ ಸುರುಳಿ ಸ್ವಲ್ಪ ಹೆಚ್ಚು ಕಾಣುತ್ತದೆ ಎಂಬುದು ನಿಜವಾದರೂ, ಎಷ್ಟೇ ಸಡಿಲವಾಗಿ ಹೆಣೆದರೂ ನಿಮ್ಮ ಈ ಸೀದಾ ಉಲ್ಟಾ ಸಾಲಿನ ಹೆಣಿಗೆ, ಅಂದರೆ ಸ್ಟಾಕಿನೆಟ್, ಸುರುಳದೆ ಇರುವುದಿಲ್ಲ. ಮನೆಯಲ್ಲಿ ತೆಳುವಾದ ಹಳೆಯ ಟೀ ಶರ್ಟ್ ಇದ್ದರೆ ಅದರ ಕೆಳಗಿನ ಮಡಿಕೆಯನ್ನು ಅಡ್ಡಲಾಗಿ ಕತ್ತರಿಸಿ, ಕತ್ತರಿಸಿದ ಅಂಚನ್ನು ಮೆಲ್ಲಗೆ ಎಳೆದು ನೋಡಿ. ಅದು ಬಟ್ಟೆಯ ಮುಂಭಾಗದ ಕಡೆಗೆ ಸುತ್ತಿಕೊಳ್ಳುತ್ತದೆ. ಅದೇ ಬಟ್ಟೆಯನ್ನು ಉದ್ದಕ್ಕೆ ಕತ್ತರಿಸಿದರೆ ಆ ಅಂಚು ಹಿಂಭಾಗದ ಕಡೆಗೆ ಸುತ್ತಿಕೊಳ್ಳುತ್ತದೆ. ಯಂತ್ರದಲ್ಲಿ ತಯಾರಾದ ಆ ಬಟ್ಟೆಯೂ ನಿಮ್ಮ ಮಫ್ಲರಿನದೇ ಹೆಣಿಗೆ, ಎಳೆ ಸಣ್ಣದು ಅಷ್ಟೇ. ನಿಮ್ಮ ಮಫ್ಲರಿನಲ್ಲೂ ಉದ್ದದ ಎರಡು ಅಂಚುಗಳು ಉಲ್ಟಾ ಮುಖದ ಕಡೆಗೂ, ತುದಿಗಳೆರಡು ಸೀದಾ ಮುಖದ ಕಡೆಗೂ ಹೊರಳಿರಬೇಕು.

ಹೀಗೆ ಎರಡು ದಿಕ್ಕಿಗೆ ಹೊರಳುವುದೇಕೆ ಎಂಬುದು ಒಂದು ಕುಣಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದರೆ ತಿಳಿಯುತ್ತದೆ. ಸೀದಾ ಮುಖದಲ್ಲಿ ಕಾಣುವುದು ಕುಣಿಕೆಯ ಎರಡು ಕಾಲುಗಳು. ಕುಣಿಕೆಯ ತಲೆ ಮತ್ತು ಪಾದಗಳು ಹಿಂದೆ ಸರಿದು, ಉಲ್ಟಾ ಮುಖದಲ್ಲಿ ಅಡ್ಡ ಗಂಟುಗಳಂತೆ ಕಾಣುತ್ತವೆ. ಅಂದರೆ ಪ್ರತಿಯೊಂದು ಕಾಲೂ ಹಿಂದಿನಿಂದ ಹೊರಟು, ನಡುವೆ ಮುಂದಕ್ಕೆ ಉಬ್ಬಿ, ಮತ್ತೆ ಹಿಂದಕ್ಕೆ ಹೋಗುವ ಬಿಲ್ಲು. ಬಾಗಿಸಿದ ದಾರ ನೆಟ್ಟಗಾಗಲು ಹವಣಿಸುತ್ತದೆ. ಮುಂದಕ್ಕೆ ಉಬ್ಬಿದ ಬಿಲ್ಲುಗಳೆಲ್ಲ ನೆಟ್ಟಗಾಗಲು ಹೊರಟಾಗ ಬಟ್ಟೆಯ ಮೇಲಿನ ಮತ್ತು ಕೆಳಗಿನ ತುದಿಗಳು ಮುಂದಕ್ಕೆ ಬರುತ್ತವೆ. ತಲೆ ಮತ್ತು ಪಾದಗಳು ಇದಕ್ಕೆ ವಿರುದ್ಧವಾಗಿ ಹಿಂದಕ್ಕೆ ಉಬ್ಬಿ ಅಡ್ಡಲಾಗಿ ಮಲಗಿರುವುದರಿಂದ ಅವು ಪಕ್ಕದ ಅಂಚುಗಳನ್ನು ಹಿಂದಕ್ಕೆ ಎಳೆಯುತ್ತವೆ. ಬಟ್ಟೆಯ ನಡುಭಾಗದಲ್ಲಿ ನೆರೆಯ ಕುಣಿಕೆಗಳು ಒಂದನ್ನೊಂದು ಹಿಡಿದಿರುತ್ತವೆ, ಅಂಚಿನ ಕುಣಿಕೆಗೆ ಮಾತ್ರ ಒಂದು ಬದಿಯಲ್ಲಿ ಹಿಡಿಯುವವರಿಲ್ಲ. ನಮ್ಮ ಹಾವೇರಿ ಕಡೆಯ ಸಂತೆಗಳಲ್ಲಿ ಸಿಗುವ ಕುರಿ ಉಣ್ಣೆಯ ಕಂಬಳಿ ಅಂಚು ಹೊಲಿಯದಿದ್ದರೂ ಸುರುಳದೆ ಮಲಗುವುದು, ಮಗ್ಗದ ಬಟ್ಟೆಯಲ್ಲಿ ಎಳೆಗಳು ಸಮನಾಗಿ ಮೇಲೆ ಕೆಳಗೆ ಹಾಯ್ದು ಈ ಏಕಮುಖ ಸೆಳೆತವನ್ನು ಉಳಿಸದೇ ಇರುವುದರಿಂದ.

ನೀರಿನ ಉಪಚಾರ ಫಲಿಸಲಿಲ್ಲ ಎಂದಿರಿ. ಅದಕ್ಕೆ ಬಹುಶಃ ಕಾರಣ ದಾರ. ಹುಬ್ಬಳ್ಳಿ, ಧಾರವಾಡದ ಅಂಗಡಿಗಳಲ್ಲಿ ನಾವು ಉಲ್ಲನ್ ಎಂದು ಕೇಳಿ ತರುವ ಲಡಿಗಳಲ್ಲಿ ಅನೇಕವು ಅಕ್ರಿಲಿಕ್. ನಾನೊಮ್ಮೆ ಅಪ್ಪಟ ಉಣ್ಣೆಯೆಂಬ ಮಾತು ನಂಬಿ ತಂದ ದಾರದ ತುಂಡೊಂದನ್ನು ಚಿಮಟಿಗೆಯಲ್ಲಿ ಹಿಡಿದು ಸುಟ್ಟಾಗ ಅದು ಕರಗಿ ಗಟ್ಟಿಯಾದ ಕಪ್ಪು ಮಣಿಯಾಯಿತು. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬೂದಿ ಉಳಿಯುತ್ತಿತ್ತು. ನೀವೂ ಮೊದಲು ಈ ಪರೀಕ್ಷೆ ಮಾಡಿಕೊಳ್ಳಿ, ಏಕೆಂದರೆ ಮುಂದಿನ ದಾರಿ ಇದರ ಮೇಲೆ ನಿಂತಿದೆ.

ಉಣ್ಣೆಯಾದರೆ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಅಳತೆಗೆ ಸರಿಯಾಗಿ ಹರಡಿ, ಎರಡು ಮೂರು ಸೆಂಟಿಮೀಟರಿಗೊಂದರಂತೆ ತುಕ್ಕು ಹಿಡಿಯದ ಪಿನ್ನು ಚುಚ್ಚಿ, ಪೂರ್ತಿ ಒಣಗುವವರೆಗೆ ಬಿಡಬೇಕು. ನೆನೆದ ಉಣ್ಣೆಯ ಎಳೆಯೊಳಗಿನ ಸಣ್ಣ ಬಂಧಗಳು ಸಡಿಲಗೊಂಡು, ಒಣಗುವಾಗ ಹೊಸ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಧಾರವಾಡದ ಜುಲೈ ಜಿಟಿಜಿಟಿಯಲ್ಲಿ ಫ್ಯಾನ್ ಹಾಕಿದರೂ ಇದಕ್ಕೆ ಎರಡು ದಿನ ಬೇಕಾಗುತ್ತದೆ. ಅವಸರಪಟ್ಟು ತೇವವಿರುವಾಗಲೇ ಪಿನ್ನು ತೆಗೆದರೆ ಶ್ರಮವೆಲ್ಲ ಹೋಯಿತು. ಚೆನ್ನಾಗಿ ಒಣಗಿಸಿದ ಮೇಲೂ ಈ ಫಲ ಮುಂದಿನ ತೊಳೆತದವರೆಗೆ ಮಾತ್ರ.

ಅಕ್ರಿಲಿಕ್ ನೀರನ್ನು ಹೀರುವುದೇ ಕಡಿಮೆ. ಅದು ಕೇಳುವುದು ಬಿಸಿಯ ಮಾತನ್ನು. ಸೀದಾ ಮುಖ ಕೆಳಗಾಗುವಂತೆ ದಪ್ಪ ಹೊದಿಕೆಯ ಮೇಲೆ ಹರಡಿ ಪಿನ್ನು ಚುಚ್ಚಿ, ಹಬೆಯ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಗೆ ತಾಗಿಸದೆ ಎರಡು ಮೂರು ಸೆಂಟಿಮೀಟರ್ ಎತ್ತರದಲ್ಲಿ ಹಿಡಿದು, ಒಂದೊಂದು ಭಾಗಕ್ಕೂ ಕೆಲವೇ ಸೆಕೆಂಡು ಹಬೆ ಕೊಟ್ಟು, ಪೂರ್ತಿ ತಣ್ಣಗಾದ ಮೇಲೆ ಪಿನ್ನು ತೆಗೆಯಬೇಕು. ಹೀಗೆ ಕೂತ ಆಕಾರ ತೊಳೆದರೂ ಬಹುಮಟ್ಟಿಗೆ ಉಳಿಯುತ್ತದೆ. ಆದರೆ ಹಬೆ ಹೆಚ್ಚಾದರೆ ದಾರದ ಪುಟಿತ ಸತ್ತು, ಬಟ್ಟೆ ಜೋತುಬಿದ್ದು ಹೊಳೆಯತೊಡಗುತ್ತದೆ, ಆಮೇಲೆ ಅದನ್ನು ಹಿಂದಕ್ಕೆ ತರಲಾಗದು. ಆದ್ದರಿಂದ ಅದೇ ದಾರದ ಅಂಗೈಯಗಲದ ತುಂಡೊಂದನ್ನು ಹೆಣೆದು ಅದರ ಮೇಲೆ ಕೈ ಪಳಗಿಸಿಕೊಳ್ಳದೆ ಅಪ್ಪನ ಮಫ್ಲರಿಗೆ ಹಬೆ ಹಿಡಿಯಬೇಡಿ.

ಇನ್ನು ಅಂಚಿನ ಹೆಣಿಗೆ. ಎರಡು ಮುಖದಲ್ಲೂ ಸೀದಾ ಹೆಣೆಯುವ ಗಾರ್ಟರಿನಲ್ಲಿ ಒಂದು ಸಾಲಿನ ಬಿಲ್ಲು ಮುಂದಕ್ಕೆ, ಮರುಸಾಲಿನದು ಹಿಂದಕ್ಕೆ ಉಬ್ಬುವುದರಿಂದ ಸೆಳೆತ ಸರಿತೂಗುತ್ತದೆ. ತಪ್ಪುವುದು ಅಗಲದಲ್ಲಿ. ಎರಡು ಮೂರು ಕುಣಿಕೆಯ ಗಾರ್ಟರ್ ಅಂಚು ತಾನು ಚಪ್ಪಟೆಯಾಗಿದ್ದರೂ ಸ್ಟಾಕಿನೆಟ್ ಜೊತೆಗೆ ಬಾಗಿಲಿನ ರೆಕ್ಕೆಯಂತೆ ಮಡಚಿಕೊಳ್ಳುತ್ತದೆ. ಕಳೆದ ವರ್ಷ ನನ್ನ ತಂಗಿಯ ಮಗುವಿಗೆ 120 ಕುಣಿಕೆಯ ಹೊದಿಕೆ ಹೆಣೆದಾಗ ಬದಿಗೆ 8 ಕುಣಿಕೆಯಂತೆ, ಅಂದರೆ 4 ಸೆಂಟಿಮೀಟರ್ ಗಾರ್ಟರ್ ಇಟ್ಟೆ. ಅಗಲವೇನೋ ಸಾಕಾಯಿತು, ಆದರೆ ಬದಿಗಳು ನೆರಿಗೆ ಹಿಡಿದು ಒಳಕ್ಕೆ ಎಳೆದವು. ಅಳೆದು ನೋಡಿದರೆ ಸ್ಟಾಕಿನೆಟ್ಟಿನಲ್ಲಿ 10 ಸೆಂಟಿಮೀಟರಿಗೆ 28 ಸಾಲು, ಅದೇ ದಾರದ ಗಾರ್ಟರಿನಲ್ಲಿ 40. ನಡುಭಾಗ 10 ಸೆಂಟಿಮೀಟರ್ ಬೆಳೆಯುವಷ್ಟರಲ್ಲಿ ಅಂಚು ಬೆಳೆದದ್ದು 7. ಅಷ್ಟನ್ನೂ ಬಿಚ್ಚಿ, ಎಂಟು ಸಾಲಿಗೊಮ್ಮೆ ಪ್ರತಿ ಬದಿಯ 8 ಕುಣಿಕೆಗಳನ್ನು ಮಾತ್ರ ಹೆಣೆದು, ಅಲ್ಲಿಂದಲೇ ತಿರುಗಿ ವಾಪಸು ಹೆಣೆದು, ಅಂಚಿಗೆ ಎರಡು ಸಾಲು ಹೆಚ್ಚು ಸೇರಿಸಿದೆ. ಲೆಕ್ಕದ ಪ್ರಕಾರ ಇನ್ನೂ ಸ್ವಲ್ಪ ಬೇಕಿತ್ತು, ಆದರೆ ಗಾರ್ಟರ್ ಉದ್ದಕ್ಕೆ ಹಿಗ್ಗುವುದರಿಂದ ಅಷ್ಟಕ್ಕೇ ಸಮವಾಯಿತು. ತಿರುಗಿದ ಜಾಗದ ಸಣ್ಣ ಕಿಂಡಿ ಗಾರ್ಟರಿನಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಹೆಣೆದು ಮುಗಿಸಿದ ಬಟ್ಟೆಗೂ ಅಂಚಿನಿಂದ ಕುಣಿಕೆ ಎತ್ತಿ, ನಾಲ್ಕು ಸಾಲಿಗೆ ಮೂರರಂತೆ, ಗಾರ್ಟರ್ ಹೆಣೆಯಬಹುದು. ಸಾಲಿಗೊಂದರಂತೆ ಎತ್ತಿದರೆ ಅಂಚು ಲಂಗದ ಸುತ್ತಿನಂತೆ ಅಲೆಯಾಗುತ್ತದೆ. ನಿಮ್ಮ ಮಫ್ಲರಿಗೆ ಮಾತ್ರ ನಾನು ಇದನ್ನು ಹೇಳಲಾರೆ. 40 ಕುಣಿಕೆಯೆಂದರೆ ಅಗಲ ಸುಮಾರು 20 ಸೆಂಟಿಮೀಟರ್. ಅಷ್ಟು ಕಿರಿದಾದ ಸ್ಟಾಕಿನೆಟ್ ಎರಡೂ ಕಡೆಯ ಅಂಚನ್ನು ಸೇರಿಸಿಯೇ ಮಡಚಿಕೊಳ್ಳಲು ನೋಡುತ್ತದೆ. ಹೊಸದಾಗಿ ಹೆಣೆಯುವುದಾದರೆ ಎರಡು ಸೀದಾ, ಎರಡು ಉಲ್ಟಾ ಕುಣಿಕೆಯ ರಿಬ್ ಹೆಣಿಗೆಯನ್ನೇ ಆರಿಸುತ್ತಿದ್ದೆ. ಬಿಚ್ಚಬಾರದು ಎಂದಿರುವುದರಿಂದ, ಅದು ಹೊರಳುತ್ತಿರುವ ಕಡೆಗೇ ಬಿಡಿ: ಸೀದಾ ಮುಖ ಹೊರಗಿರುವಂತೆ ಉದ್ದದ ಎರಡು ಅಂಚುಗಳನ್ನು ಕೂಡಿಸಿ ಅದೇ ದಾರದಿಂದ ಹೊಲಿಯಿರಿ. ಅಂಚುಗಳು ತಾವಾಗಿಯೇ ಒಳಗೆ ಸರಿಯುತ್ತವೆ, ಹೊಲಿಗೆ ಹಿಂಭಾಗದ ನಡುವೆ ಕೂತು ಮರೆಯಾಗುತ್ತದೆ. ಕೊನೆಗೆ ಎರಡೂ ತುದಿಗಳ ಬಾಯಿ ಮುಚ್ಚಿದರೆ 10 ಸೆಂಟಿಮೀಟರ್ ಅಗಲದ ಎರಡು ಪದರದ ಮಫ್ಲರ್ ಆಗುತ್ತದೆ.