ಹಳೆಯ ಲೇತ್‌ಗಳ ಮಾರಾಟಕ್ಕೆ ಆ್ಯಪ್: ಮೊದಲು ಪರೀಕ್ಷೆ

«ಬೆಂಗಳೂರಿನಲ್ಲಿ ಹಳೆಯ ಲೇತ್‌ಗಳು ಸಿಗುತ್ತವೆ, ಊರಿನ ಸಣ್ಣ ವರ್ಕ್‌ಶಾಪ್‌ಗಳಿಗೆ ತಲುಪುವುದಿಲ್ಲ. ಇದಕ್ಕೊಂದು ಆ್ಯಪ್ ಮಾಡಿದರೆ ನಡೆಯುತ್ತದೆಯೇ?»

ನಡೆಯುತ್ತದೆ, ಆದರೆ ಬರೀ ಜಾಹೀರಾತಿನ ಪಟ್ಟಿಯಾದರೆ ಇಲ್ಲ. ಹಾಸನದ ವರ್ಕ್‌ಶಾಪ್ ಮಾಲೀಕರು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಲೇತ್ ಕೊಳ್ಳಲು ಹಿಂಜರಿಯುವುದು ಯಂತ್ರದ ಸವೆತ ಫೋಟೋದಲ್ಲಿ ಕಾಣುವುದಿಲ್ಲ ಎಂಬ ಕಾರಣಕ್ಕೆ. ಹೊಸ ಬಣ್ಣ ಬಳಿದರಂತೂ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಆದ್ದರಿಂದ ಪೀಣ್ಯದಲ್ಲೇ ಒಬ್ಬ ಅನುಭವಿ ಟರ್ನರ್ ಅನ್ನು ಇಟ್ಟುಕೊಂಡು, ಪ್ರತಿ ಯಂತ್ರದ ಪರೀಕ್ಷೆಯನ್ನು ವಿಡಿಯೊ ಮಾಡಿಸಿ. ಸುಮಾರು 40 ಮಿ.ಮೀ. ದಪ್ಪದ ಸರಳನ್ನು ಚಕ್‌ಗೆ ಮಾತ್ರ ಕಟ್ಟಿ, 150 ಮಿ.ಮೀ. ಹೊರಗೆ ಬಿಟ್ಟು, ಮೇಲ್ಮೈಯನ್ನು ತೆಳುವಾಗಿ ಕಡೆದು, ಕಡೆದ ಭಾಗದ ಎರಡೂ ತುದಿಗಳ ದಪ್ಪವನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಲಿ. ವ್ಯತ್ಯಾಸ ಹೆಚ್ಚಿದ್ದರೆ ಹೆಡ್‌ಸ್ಟಾಕ್ ಜೋಡಣೆ ತಪ್ಪಿರಬಹುದು ಅಥವಾ ಬೆಡ್ ಸವೆದಿರಬಹುದು. ಜೋಡಣೆಯನ್ನು ಸರಿಪಡಿಸಬಹುದು; ಸವೆದ ಬೆಡ್‌ಗೆ ಗ್ರೈಂಡಿಂಗ್ ಬೇಕು, ಅದು ದುಬಾರಿ. ಕ್ಯಾರೇಜ್ ಚಕ್‌ನ ಬಳಿ ಸಡಿಲವಾಗಿ ಸರಿದು, ಟೇಲ್‌ಸ್ಟಾಕ್ ಕಡೆಗೆ ಹೋದಂತೆ ಬಿಗಿಯಾದರೆ ಬೆಡ್ ಸವೆದಿದೆ ಎಂದೇ ತಿಳಿಯಿರಿ.

ಮೋಟಾರ್ ತ್ರೀ ಫೇಸ್ ಆಗಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಎಷ್ಟೋ ಸಣ್ಣ ಅಂಗಡಿಗಳಲ್ಲಿ ಆ ಸಂಪರ್ಕವೇ ಇಲ್ಲ. ತೂಕವನ್ನೂ ಬರೆಯಿರಿ, ಕ್ರೇನ್ ಮತ್ತು ಲಾರಿಯ ಖರ್ಚು ಅದರ ಮೇಲೆಯೇ ನಿಂತಿದೆ.

ಆದಾಯಕ್ಕೆ ಕಮಿಷನ್ ನೆಚ್ಚಬೇಡಿ. ಫೋನ್ ನಂಬರ್ ಸಿಕ್ಕಿದ ಕೂಡಲೇ ಇಬ್ಬರೂ ನೇರವಾಗಿ ವ್ಯವಹರಿಸುತ್ತಾರೆ. ಪರೀಕ್ಷೆಯ ಶುಲ್ಕವನ್ನು ಖರೀದಿದಾರರಿಂದ ಮುಂಗಡವಾಗಿ ಪಡೆಯಿರಿ. ಮಾರುವವರು ಕೊಟ್ಟರೆ ವರದಿಯನ್ನು ಯಾರೂ ನಂಬುವುದಿಲ್ಲ.