ಗಂಡ-ಹೆಂಡತಿ ಸೇರಿ ಮನೆ ಸಾಲ: ಯಾವ ಜಮೆಯನ್ನು ಆದಾಯಕ್ಕೆ ಸೇರಿಸಬೇಕು?

ಪ್ರಶ್ನೆ: ನಾನು ಸಿರುಗುಪ್ಪದಲ್ಲಿ ಶಾಲಾ ಶಿಕ್ಷಕಿ. ಕೈಗೆ ಬರುವ ಸಂಬಳ 48,000. ಅದರಲ್ಲಿ 18,000 ಪ್ರತಿ ತಿಂಗಳು ಮನೆಯವರ ಉಳಿತಾಯ ಖಾತೆಗೆ ಹಾಕುತ್ತೇನೆ. ಅವರು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಯೂನಿಟ್ ನಡೆಸುತ್ತಾರೆ. ಕರೆಂಟ್ ಖಾತೆಗೆ ತಿಂಗಳಿಗೆ 1,40,000 ಬರುತ್ತದೆ. ಅದರಿಂದ 25,000 ತಮ್ಮ ಉಳಿತಾಯ ಖಾತೆಗೆ ಹಾಕಿಕೊಳ್ಳುತ್ತಾರೆ. ಜಂಟಿ ಸಾಲಕ್ಕೆ ನಮ್ಮ ಒಟ್ಟು ಆದಾಯ ಎಷ್ಟು ಅಂತ ಬರೆಯಬೇಕು?

ಉತ್ತರ: ಮೂರು ಖಾತೆಗಳ ಜಮೆಯನ್ನು ಸುಮ್ನೆ ಕೂಡಿದರೆ 2,31,000 ಆಗುತ್ತದೆ. ಇದರಲ್ಲಿ ನಿಮ್ಮ 18,000 ಮತ್ತು ಅವರ 25,000 ಎರಡೆರಡು ಸಲ ಬಂದಿವೆ. ಈ 43,000 ತೆಗೆದರೆ ಹೊರಗಿನಿಂದ ಬಂದ ಹಣ 1,88,000.

ತೆಗೆಯುವುದು ಹಣ ಪಡೆದ ಖಾತೆಯ ಜಮೆಯನ್ನು ಮಾತ್ರ. ಕೆಲವರು ಕಳುಹಿಸಿದವರ ಸಂಬಳದಿಂದಲೂ ಕಳೆಯುತ್ತಾರೆ. ಹಾಗೆ ಮಾಡಿದರೆ ನಿಮ್ಮ 48,000 ಸಂಬಳ 30,000 ಆಗಿಬಿಡುತ್ತದೆ. ಗಂಡನಿಗೆ ಕೊಟ್ಟ ಮಾತ್ರಕ್ಕೆ ನಿಮ್ಮ ಸಂಬಳ ಕಡಿಮೆಯಾಗಲ್ಲ, ಅಲ್ವಾ?

ಇಂಥ ಜೋಡಿಗಳನ್ನು ಹುಡುಕಲು ಮೂರೂ ಸ್ಟೇಟ್‌ಮೆಂಟನ್ನು ಎಕ್ಸೆಲ್‌ನ ಒಂದೇ ಹಾಳೆಗೆ ತಂದು, ಖರ್ಚು-ಜಮೆ ಎರಡರ ಮೊತ್ತವನ್ನೂ ಒಂದೇ ಕಾಲಂನಲ್ಲಿ ಹಾಕಿ, ಮೊತ್ತದ ಪ್ರಕಾರ ಜೋಡಿಸಿ. ಒಂದು ಖಾತೆಯ ಖರ್ಚು, ಇನ್ನೊಂದರ ಜಮೆ ಅಕ್ಕಪಕ್ಕ ಬರುತ್ತವೆ. ಮೊತ್ತ, ತಾರೀಖು ಹೊಂದಿದರಷ್ಟೇ ಸಾಲದು. ವ್ಯಾಪಾರಿಯೊಬ್ಬರು ಅದೇ ದಿನ 18,000 ಕೊಟ್ಟಿರಬಹುದು. ಯುಪಿಐ ಆದರೆ ವಿವರದಲ್ಲಿರುವ 12 ಅಂಕಿಯ ಸಂಖ್ಯೆ, ನೆಫ್ಟ್ ಆದರೆ ಯುಟಿಆರ್ ಸಂಖ್ಯೆ ಎರಡೂ ಕಡೆ ಒಂದೇ ಇದೆಯೇ ನೋಡಿ. ಇದ್ದರೆ ಅದು ನಿಮ್ಮೊಳಗಿನ ಹಣವೇ. ಎಟಿಎಂನಿಂದ ತೆಗೆದು ಇನ್ನೊಂದು ಖಾತೆಗೆ ಕಟ್ಟಿದ ನಗದಿಗೆ ಮಾತ್ರ ಇಂಥ ಗುರುತು ಸಿಗಲ್ಲ. ಮೊತ್ತ, ತಾರೀಖು ಹತ್ತಿರವಿದ್ದರೆ ಆ ಜಮೆಯನ್ನೂ ಲೆಕ್ಕದಿಂದ ತೆಗೆದುಬಿಡಿ.

ಆದರೆ 1,88,000 ಕೂಡ ನಿಮ್ಮ ಆದಾಯವಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. 1,40,000 ಯೂನಿಟ್‌ನ ವಹಿವಾಟು. ಟೈಲರ್‌ಗಳ ಕೂಲಿ, ದಾರ, ಕರೆಂಟ್ ಬಿಲ್, ಬಾಡಿಗೆ ಎಲ್ಲ ಅದರಿಂದಲೇ ಹೋಗಬೇಕು. ಬ್ಯಾಂಕಿನವರು ಸಾಮಾನ್ಯವಾಗಿ ಹಿಂದಿನ ಎರಡು-ಮೂರು ವರ್ಷದ ಐಟಿ ರಿಟರ್ನ್‌ನಲ್ಲಿ ತೋರಿಸಿದ ಲಾಭ ನೋಡುತ್ತಾರೆ. ಅದು ವರ್ಷಕ್ಕೆ 4,20,000 ಇದೆ ಅಂದುಕೊಳ್ಳಿ, ತಿಂಗಳಿಗೆ 35,000 ಆಯಿತು. ನಿಮ್ಮ ಸಂಬಳ ಸೇರಿಸಿ 83,000. ಅರ್ಜಿಯಲ್ಲಿ ಬರೆಯಬೇಕಾದ್ದು ಈ ರೀತಿ ಬಂದ ಅಂಕಿ. ಅವರ ಉಳಿತಾಯ ಖಾತೆಯ 25,000 ಈ ಲಾಭದಿಂದಲೇ ತೆಗೆದದ್ದು, ಅದನ್ನು ಮತ್ತೆ ಸೇರಿಸಬೇಡಿ.

ಯೂನಿಟ್‌ನಿಂದ ನಿಮ್ಮ ಹೆಸರಿಗೂ ಏನಾದರೂ ಸಂಬಳ ಬರುತ್ತಿದೆಯೇ? ಬರುತ್ತಿದ್ದರೆ ಅದನ್ನು ಖರ್ಚಾಗಿ ಕಳೆದ ಮೇಲಿನ ಲಾಭವೇ ರಿಟರ್ನ್‌ನಲ್ಲಿದೆಯಾ ಅಂತ ಆಡಿಟರ್‌ ಹತ್ತಿರ ಕೇಳಿ. ಕಳೆಯದೆ ನಿಮ್ಮ ಆದಾಯಕ್ಕೂ ಸೇರಿಸಿದರೆ, ಅದೇ ಹಣ ಮತ್ತೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ.